ಏಣಿಯ ಎದುರು ಮೂಲೆ

ಅವಳು ಇಟ್ಟ ಚುಕ್ಕಿ ತಪ್ಪಿದೆ ಎಂದು ಹೇಳುವುದೋ ಬೇಡವೋ? ಕೈ ಎತ್ತಿದರೆ ಎಲ್ಲರೆದುರು ಅವಳ ಮರ್ಯಾದೆ ಹೋಗುತ್ತದೆ. ಎತ್ತದಿದ್ದರೆ? ಉತ್ತರ ಹೇಗೂ ಸರಿಯಾಗಿಯೇ ಬರುತ್ತದಲ್ಲ.

ಡೊಂಬಿವಲಿಯ ಆ ಕೋಚಿಂಗ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೀರ್ತನ್ ಹೀಗೆ ತನ್ನೊಳಗೇ ತಿಣುಕುತ್ತಿದ್ದ. ಬೋರ್ಡಿನ ಮುಂದೆ ಅಶ್ಮಿತಾ ನಿಂತಿದ್ದಳು. ಇಬ್ಬರೂ ಅಲ್ಲಿ ಫಿಸಿಕ್ಸ್ ಕಲಿಸುವವರು. ಅವನದು ಖಾಯಂ ಕೆಲಸ, ಅವಳದು ಪಾಠಕ್ಕಿಷ್ಟು ಎಂಬ ಲೆಕ್ಕದ್ದು. ಬೇಲಾಪುರದ ಹೊಸ ಶಾಖೆಗೆ ಒಬ್ಬರನ್ನು ಖಾಯಂ ಮಾಡಿಕೊಳ್ಳಲು ಇಂದು ಅವಳ ಡೆಮೋ ಪಾಠ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಿಂದ ನಿವೃತ್ತನಾದ ಅವಳ ಅಪ್ಪ ಪೂವಪ್ಪ ಮನೆ ಖಾಲಿ ಮಾಡಿ ಉಡುಪಿಗೆ ಹೊರಟಿದ್ದ. ಕೆಲಸ ಸಿಕ್ಕಿದರೆ ಅವಳು ಬೇಲಾಪುರದ ಚಿಕ್ಕಮ್ಮನ ಮನೆಯಲ್ಲಿ ಉಳಿಯುವುದು, ಸಿಗದಿದ್ದರೆ ಅಪ್ಪನ ಜೊತೆ ಹೊರಡುವುದು ಎಂದು ಮನೆಯಲ್ಲಿ ಮಾತಾಗಿತ್ತು.

ಗೋಡೆಗೆ ಒರಗಿದ ನಾಲ್ಕು ಮೀಟರ್ ಏಣಿ. ಗೋಡೆಯೂ ನೆಲವೂ ನುಣುಪು. ಬುಡ ನೆಲದ ಮೇಲೆ ಸೆಕೆಂಡಿಗೆ ಎರಡು ಮೀಟರಿನಂತೆ ಜಾರುತ್ತಿದೆ. ಏಣಿ ನೆಲದೊಂದಿಗೆ ನಲವತ್ತೈದು ಡಿಗ್ರಿಯಲ್ಲಿರುವಾಗ ಅದರ ನಡುಬಿಂದುವಿನ ವೇಗ ಎಷ್ಟು?

ಈ ಲೆಕ್ಕವನ್ನು ಅಶ್ಮಿತಾ ಯಾವಾಗಲೂ ಡಿಫರೆನ್ಸಿಯೇಶನ್‌ನಲ್ಲೇ ಮಾಡುತ್ತಿದ್ದವಳು. ಕ್ಲಾಸು ನಡೆಸುವ ಗುಣಪಾಲ ಸರ್‌ಗೆ ಬೇಗ ಮುಗಿಯುವ ದಾರಿ ಬೇಕು ಎಂದು ಕೀರ್ತನ್ ಅವಳಿಗೆ ಐಸಿ ಹೇಳಿಕೊಟ್ಟಿದ್ದ. ಐಸಿ ಎಂದರೆ ಇನ್‌ಸ್ಟಂಟೇನಿಯಸ್ ಸೆಂಟರ್, ಆ ಒಂದು ಕ್ಷಣಕ್ಕೆ ಇಡೀ ಏಣಿ ಯಾವ ಬಿಂದುವಿನ ಸುತ್ತ ತಿರುಗುತ್ತಿದೆ ಅನ್ನಬಹುದೋ ಆ ಬಿಂದು. ಶೇರ್ ರಿಕ್ಷಾದ ಇಕ್ಕಟ್ಟಿನಲ್ಲಿ ಕಾಗದ ತೆಗೆಯಲಾಗದೆ ಬರೀ ಬಾಯಲ್ಲಿ ಹೇಳಿದ್ದ: "ಸೆಂಟರ್ ಮೂಲೆಯಲ್ಲಿರ್ತದೆ. ನಡುಬಿಂದುವಿಗೆ ಅಲ್ಲಿಂದ ಅರ್ಧ ಏಣಿಯಷ್ಟು ದೂರ. ಅಷ್ಟೆ ಮಾರಾಯ್ತಿ."

ಏಣಿಯ ಎರಡು ತುದಿಗಳಿಂದ ಆಯತ ಪೂರ್ತಿ ಮಾಡಿದಾಗ ಗಾಳಿಯಲ್ಲಿ ಸಿಗುವ ನಾಲ್ಕನೆಯ ಮೂಲೆ ಅವನ ಮನಸ್ಸಿನಲ್ಲಿತ್ತು. ಕ್ಲಾಸಿನ ಹುಡುಗರೂ ಅದನ್ನೇ ಮರಾಠಿಯಲ್ಲಿ 'ಕೋಪ್ರಾ', ಅಂದರೆ ಮೂಲೆ, ಅನ್ನುತ್ತಿದ್ದರು. ಮೂಲೆ ಎಂದರೆ ಅವಳಿಗೆ ಮಾತ್ರ ಗೋಡೆ ನೆಲ ಸೇರುವ ಮೂಲೆ. ಚುಕ್ಕಿಯನ್ನು ಅಲ್ಲಿಯೇ ಇಟ್ಟಿದ್ದಳು.

ನಲವತ್ತೈದರಲ್ಲಿ ಎರಡೂ ಮೂಲೆ ಏಣಿಯ ಬುಡದಿಂದ ಒಂದೇ ದೂರ. ನಡುಬಿಂದುವಂತೂ ಯಾವ ಕೋನದಲ್ಲೂ ಎರಡರಿಂದ ಸಮದೂರ. ಅವಳು ಬರೆದ ಉತ್ತರ ಎರಡರ ವರ್ಗಮೂಲ, ಸುಮಾರು ಒಂದು ಪಾಯಿಂಟ್ ನಾಲ್ಕು. ಸರಿಯಾಗಿಯೇ ಇತ್ತು. ಅವಳು ಹಿಂದಿನ ಬೆಂಚಿನ ಕಡೆ ನೋಡಿ ತುಸು ನಕ್ಕಳು. ಡೆಮೋದಲ್ಲಿ ಉಳಿದ ಮಾಸ್ತರರು ವಿದ್ಯಾರ್ಥಿಗಳಂತೆ ಕೂತು ಡೌಟ್ ಕೇಳಬೇಕೆಂಬುದು ಅಲ್ಲಿನ ರೂಢಿ. ಕೀರ್ತನ್ ಕೈ ಎತ್ತಲಿಲ್ಲ.

"ಫಸ್ಟ್ ಕ್ಲಾಸ್," ಅಂದರು ಗುಣಪಾಲ ಸರ್. "ಈಗ ಅರವತ್ತು ಡಿಗ್ರಿ ಮಾಡಿ ತೋರಿಸಿ ನೋಡುವ."

ಅವಳು ಚುಕ್ಕಿಯಿಂದ ಬುಡದ ದೂರ ತೆಗೆದಳು: ಎರಡು ಮೀಟರ್. ಕೋನವೇಗ ಒಂದು. ನಡುಬಿಂದುವಿನ ವೇಗ ಸೆಕೆಂಡಿಗೆ ಎರಡು ಮೀಟರ್.

"ಬುಡದಷ್ಟೇ ಸ್ಪೀಡಾ?"

"ಹೌದು ಸರ್." ಅವಳ ದನಿ ಸ್ವಲ್ಪ ಇಳಿಯಿತು.

"ನಿಮ್ಮ ಸೆಂಟರ್ ಆ ಮೂಲೆ. ಬುಡಕ್ಕೆ ಅಲ್ಲಿಂದ ಗೆರೆ ಎಳೆದರೆ ನೆಲದ ಮೇಲೇ ಬರ್ತದೆ. ಚಲನೆ ಗೆರೆಗೆ ಲಂಬ ಇರಬೇಕಲ್ವಾ? ಹಾಗಾದ್ರೆ ಬುಡ ಎತ್ಲಾಗಿ ಹೋಗ್ತದೆ?"

ಅವಳು ಬೋರ್ಡು ನೋಡಿದಳು. "ಮೇಲಕ್ಕೆ."

"ಏಣಿ ಜಾರುವುದಾ, ಹಾರುವುದಾ ಮಗಾ?"

ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ತಾವೇ ಎದ್ದು ಹೋದರು. ಬುಡದಿಂದ ನೇರ ಮೇಲಕ್ಕೊಂದು, ಏಣಿಯ ತಲೆಯಿಂದ ಅಡ್ಡಕ್ಕೊಂದು ಗೆರೆ ಎಳೆದು, ಅವೆರಡೂ ಕೂಡಿದಲ್ಲಿ ಚುಕ್ಕಿ ಇಟ್ಟರು. ಅಲ್ಲಿಂದ ಬುಡಕ್ಕೆ ಸುಮಾರು ಮೂರೂವರೆ ಮೀಟರ್. ನಡುಬಿಂದುವಿನ ವೇಗ ಒಂದು ಪಾಯಿಂಟ್ ಒಂದು ಐದು. "ಕೂತ್ಕೊಳ್ಳಿ," ಎಂದು ಮೆಲ್ಲಗೆ ಹೇಳಿದರು. ಆ ಮೆಲುದನಿಯಲ್ಲೇ ಅವಳಿಗೆ ಎಲ್ಲವೂ ತಿಳಿಯಿತು.

ಇಬ್ಬರೂ ಸ್ಟೇಷನ್ನಿಗೆ ನಡೆದರು. ಅವಳ ಬೆರಳುಗಳಿಗೆ ಸೀಮೆಸುಣ್ಣ ಇನ್ನೂ ಮೆತ್ತಿಕೊಂಡಿತ್ತು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಮೇಲೆ ಅವಳೇ ಶುರು ಮಾಡಿದಳು.

"ಪಪ್ಪನಿಗೆ ಹೇಳ್ಬೇಕು, ನನ್ನ ಟಿಕೆಟೂ ತೆಗೀರಿ ಅಂತ."

"ಬೇರೆ ಕ್ಲಾಸುಗಳೂ ಇವೆಯಲ್ಲ. ಠಾಣೆಯಲ್ಲಿ ಕೇಳುವ."

"ಬೇಡ. ಇಷ್ಟು ದಿನ ಪಾಠ ಮಾಡಿಯೂ ಏಣಿ ಹಾರಿಸಿದವಳು ನಾನು." ನಗಲು ನೋಡಿದಳು, ಆಗಲಿಲ್ಲ. "ತಪ್ಪು ನಂದೇ ಮಾರಾಯ. ನೀನು ಸರಿಯಾಗಿಯೇ ಹೇಳಿರ್ತೀ. ನಾನೇ ಕೇಳಿಸ್ಕೊಳ್ಳಲಿಲ್ಲ."

ಅವನು ಗಾಡಿ ಬರುವ ಕಡೆಗೆ ಬಗ್ಗಿ ನೋಡಿದ.

ಕಲ್ಯಾಣದ ಲೋಕಲ್ ಬರುವುದು ಕಾಣಿಸಿತು. ಅವಳು ಬ್ಯಾಗನ್ನು ಎದೆಗೆ ತಂದುಕೊಂಡು ಲೇಡಿಸ್ ಡಬ್ಬಿ ನಿಲ್ಲುವ ಕಡೆ ಎರಡು ಹೆಜ್ಜೆ ಇಟ್ಟವಳು ತಿರುಗಿದಳು.

"ಕೀರ್ತನ್, ನಾನು ಚುಕ್ಕಿ ಇಟ್ಟಾಗ ನಿಂಗೆ ಗೊತ್ತಾಗಲಿಲ್ಲ ಅಲ್ವಾ? ಗೊತ್ತಾಗಿದ್ರೆ ಕೈ ಎತ್ತುತ್ತಿದ್ದೆ ನೀನು."

ಕೇಳುವಾಗ ಅವಳ ಮುಖದಲ್ಲಿ ಸಂಶಯ ಒಂದಿಷ್ಟೂ ಇರಲಿಲ್ಲ. ಬಂದ ಗಾಡಿಯಿಂದ ಇಳಿದ ಜನ ಇಬ್ಬರ ನಡುವೆ ನುಗ್ಗಿದರು. ಅವರು ಸರಿದಾಗ ಅವಳು ಒಳಗೆ ಸೇರಿಯಾಗಿತ್ತು. ಗಾಡಿ ಹೋಯಿತು.

ಮುಂದಿನ ವಾರ ಪೂವಪ್ಪನ ಸಂಸಾರ ಉಡುಪಿಗೆ ಹೋಯಿತು. ಹಬ್ಬಗಳಿಗೆ ಅವಳಿಂದ ಮೆಸೇಜು ಬರುತ್ತಿತ್ತು, ಅವನು ತಪ್ಪದೆ ಉತ್ತರಿಸುತ್ತಿದ್ದ. ಚುಕ್ಕಿ ತಪ್ಪಿದ್ದು ತನಗೆ ಆ ಕ್ಷಣವೇ ಗೊತ್ತಾಗಿತ್ತು ಎಂದು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ.