ಪಟ್ಟಾಯದಲ್ಲಿ ಒತ್ತಿದ ರೂಪಾಯಿ

ಪಿರಿಯಾಪಟ್ಟಣದ ಬೆಟ್ಟದಪುರ ರಸ್ತೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟಿದ್ದ ಗೌರೀಶ್ ಪಟ್ಟಾಯದಲ್ಲಿ ಒಂದು ಎಳನೀರನ್ನೂ ಕೊಂಡು ಕುಡಿದಿರಲಿಲ್ಲ. ತೊಂದರೆಯಾದದ್ದೇ ಅಲ್ಲಿ. ಏನಾದರೂ ಕೊಂಡಿದ್ದರೆ, ಇಂಥದ್ದಕ್ಕೆ ದುಡ್ಡು ಹೋಯಿತು ಅಂತ ಹೇಳಿ ಮುಗಿಸಬಹುದಿತ್ತು.

ಕೀಟನಾಶಕದ ಕಂಪನಿಯೊಂದು ಟಾರ್ಗೆಟ್ ಮುಗಿಸಿದ ಡೀಲರುಗಳನ್ನು ಥಾಯ್ಲೆಂಡಿಗೆ ಕರೆದುಕೊಂಡು ಹೋಗಿತ್ತು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯವರೆಲ್ಲ ಸೇರಿ ಹತ್ತು ಜನ. ವಿಮಾನ, ರೂಮು, ಊಟ ಎಲ್ಲ ಕಂಪನಿಯದೇ. ಹೆಂಡತಿಯರಿಗೆ ಮಾತ್ರ ಸೀಟಿರಲಿಲ್ಲ. ಪಟ್ಟಾಯದ ಹೋಟೆಲಿನವನು ಬೀಗದ ಕಾರ್ಡು ಕೊಡುವ ಮುಂಚೆ ಅಲ್ಲಿಯ ದುಡ್ಡಿನಲ್ಲಿ ರೂಮಿಗೆ ಎರಡು ಸಾವಿರ ಬಾತ್ ಮುಂಗಡ ಕೇಳಿದ. ಹೊರಡುವಾಗ ಯಾವ ಸಾಮಾನೂ ಒಡೆಯದೆ ಇದ್ದರೆ ಪೂರ್ತಿ ವಾಪಸ್. ಹೊರದೇಶದಲ್ಲಿ ನಡೆಯುವ ಕ್ರೆಡಿಟ್ ಕಾರ್ಡ್ ಇದ್ದದ್ದು ಗೌರೀಶನೊಬ್ಬನ ಹತ್ತಿರ. ಒಂಬತ್ತು ಜನ ತನ್ನ ಮುಖ ನೋಡುತ್ತಿದ್ದಾಗ ಅವನಿಗೆ ಇಲ್ಲ ಅನ್ನಲಾಗಲಿಲ್ಲ. ಹತ್ತೂ ರೂಮಿಗೆ ಸೇರಿಸಿ ಒಂದೇ ಸಲಕ್ಕೆ ಉಜ್ಜಿಬಿಟ್ಟ.

ಆಮೇಲೆ ಮೂರು ದಿನ ಆ ಹತ್ತು ಜನ ರೂಮಿನಲ್ಲಿ ಪರೀಕ್ಷೆಗೆ ಕೂತವರ ಹಾಗೆ ಇದ್ದರು. ಗಾಜಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ಕೆ.ಆರ್. ನಗರದ ಉಮಾಶಂಕರ ಟವೆಲ್ಲನ್ನು ಬಳಸಲೇ ಇಲ್ಲ, ಲುಂಗಿಯಲ್ಲೇ ಮೈ ಒರೆಸಿಕೊಂಡ. ಹೋಟೆಲಿನವನು ಎಲ್ಲ ನೋಡಿ, ಕೈಮುಗಿದು, ಇಪ್ಪತ್ತು ಸಾವಿರ ಬಾತನ್ನೂ ಕಾರ್ಡಿಗೇ ವಾಪಸ್ ಹಾಕಿದ.

ತಿಂಗಳ ಕೊನೆಗೆ ಕಾರ್ಡಿನ ಬಿಲ್ಲು ಬಂತು. ಅಂಗಡಿಯ ಲೆಕ್ಕ ನೋಡುತ್ತಿದ್ದವಳು ಗೌರೀಶನ ಹೆಂಡತಿ ಪೂಜಾ. ಪಟ್ಟಾಯದ ಹೋಟೆಲಿಗೆ ಹೋದದ್ದು ಐವತ್ತೇಳು ಸಾವಿರ ರೂಪಾಯಿ. ಹೋಟೆಲಿಂದ ಬಂದದ್ದು ಐವತ್ತಮೂರು ಸಾವಿರದ ಆರುನೂರು. ಅದರ ಕೆಳಗೆ ವಿದೇಶಿ ವಹಿವಾಟಿನ ಶುಲ್ಕ ಅಂತ ಐನೂರ ಎಪ್ಪತ್ತು, ಆ ಶುಲ್ಕದ ಮೇಲೆ ಜಿಎಸ್‌ಟಿ ನೂರಾ ಎರಡೂವರೆ ಚಿಲ್ಲರೆ. ಶುಲ್ಕ ಬ್ಯಾಂಕಿನವರದು, ಅದನ್ನು ಅವಳು ಒಪ್ಪಿದಳು. ಉಳಿದ ಮೂರು ಸಾವಿರದ ನಾನೂರು ಯಾತಕ್ಕೆ ಅಂತ ಕೇಳಿದಳು.

ಯಾತಕ್ಕೂ ಇಲ್ಲ ಅಂದ ಗೌರೀಶ್. ಕೊಟ್ಟದ್ದು ಇಪ್ಪತ್ತು ಸಾವಿರ ಬಾತ್, ಬಂದದ್ದೂ ಇಪ್ಪತ್ತು ಸಾವಿರ ಬಾತ್.

"ಯಾತಕ್ಕೂ ಇಲ್ದೆ ಮೂರೂವರೆ ಸಾವ್ರ ಹೋಗೋಕೆ ಅದೇನು ಹುಂಡಿಯೇನ್ರೀ?" ಅಂದಳು ಪೂಜಾ. "ಪಟ್ಟಾಯದಲ್ಲಿ ಏನೇನು ಸಿಗ್ತದೆ ಅಂತ ನಂಗೂ ಗೊತ್ತು ಕಣ್ರೀ. ಮೊಬೈಲು ನನ್ನತ್ರಾನೂ ಅದೆ."

ಸಾಕ್ಷಿಗೆ ಅಂತ ಗೌರೀಶ್ ಉಮಾಶಂಕರನಿಗೆ ಫೋನು ಮಾಡಿದ. ಬ್ಯಾಂಕಿನ ಶುಲ್ಕವೂ ಸೇರಿ ತಲಾ ನಾನೂರು ಚಿಲ್ಲರೆ ಬರುತ್ತದೆ, ಎಲ್ಲರೂ ಕೊಟ್ಟರೆ ಇದು ಹತ್ತು ಜನರ ಮುಂಗಡ ಅಂತಾದರೂ ಮನೆಯಲ್ಲಿ ಗೊತ್ತಾಗುತ್ತದೆ ಅಂದ. ಏನೂ ಒಡೆಯದೆ ಇದ್ದದ್ದಕ್ಕೆ ದಂಡ ಯಾಕೆ, ಮೊದಲೇ ಹೇಳಿದ್ದರೆ ಒಂದು ಲೋಟವನ್ನಾದರೂ ಒಡೆಯುತ್ತಿದ್ದೆ ಅಂದ ಉಮಾಶಂಕರ. ಆಮೇಲೆ ದನಿ ತಗ್ಗಿಸಿದ.

"ಎಲ್ಲಾ ಫ್ರೀ ಅಂತ ಮನೇಲಿ ಹೇಳಿವ್ನಿ ಕಣಯ್ಯ. ಈಗ ನಾನೂರು ತೆಗೆದ್ರೆ ಅವಳು ಯಾತಕ್ಕೆ ಅಂತಾಳೆ. ನಿಂಗೇ ಹೇಳಕ್ಕಾಗ್ದೆ ಇರೋದ್ನ ನಾನೇನು ಹೇಳ್ಲಿ? ನೀನು ಮಾಡಿರೋದ್ನ ಒಪ್ಕೊಂಡ್ಬುಡು, ಹಗುರಾಗ್ತದೆ."

ಮಿಕ್ಕ ಎಂಟು ಜನರದೂ ಇದೇ ಉತ್ತರ. ವಾರದೊಳಗೆ ಗೌರೀಶ್ ಪಟ್ಟಾಯದಲ್ಲಿ ಒಬ್ಬನೇ ಎಲ್ಲಿಗೋ ಹೋಗಿದ್ದ ಅನ್ನುವ ಸುದ್ದಿ ಹುಣಸೂರನ್ನು ದಾಟಿ ಕೋಟೆಗೂ ಹೋಯಿತು. ಅಲ್ಲಿಂದ ಅದು ಊರಿಗೆ ಮರಳಿ ಬಂದಾಗ ಮೈಕೈ ತುಂಬಿಕೊಂಡಿತ್ತು. ತಂಬಾಕಿಗೆ ಔಷಧಿ ಒಯ್ಯಲು ಬಂದ ರಾವಂದೂರಿನವರು ಬಿಲ್ಲು ಕೊಟ್ಟ ಮೇಲೂ ಹೋಗದೆ ನಿಂತು ಅವನನ್ನು ಮೇಲಿಂದ ಕೆಳಗೆ ನೋಡತೊಡಗಿದರು. ಆ ನೋಟದಲ್ಲಿ ತಿರಸ್ಕಾರವೇನೂ ಇರಲಿಲ್ಲ. ಕೆಲವರು ಚೌಕಾಸಿ ಮಾಡುವುದನ್ನೇ ಬಿಟ್ಟರು. ಮನೆಯಲ್ಲಿ ಮಾತ್ರ ಪೂಜಾ ಅವನ ತಟ್ಟೆಗೆ ಬಡಿಸಿ, ತಾನು ಟಿವಿಯ ಮುಂದೆ ಹೋಗಿ ಊಟ ಮಾಡುತ್ತಿದ್ದಳು.

ಕೊನೆಗೆ ದಾರಿ ಹುಡುಕಿದವಳು ಅವಳೇ. ಹೊಸ ಔಷಧಿ ಬಂದರೆ ರೈತರು ಮೊದಲು ಒಂದು ಸಾಲಿಗೆ ಹೊಡೆದು ನೋಡುವುದಿಲ್ಲವೇ, ಹಾಗೆ ನೋಡೋಣ ಅಂದಳು. ಅಂಗಡಿಯ ಗಲ್ಲಾದ ಹಿಂದೆ ಇಬ್ಬರೂ ಕೂತು ಪಟ್ಟಾಯದ ಅದೇ ಹೋಟೆಲಿನ ವೆಬ್‌ಸೈಟ್ ತೆಗೆದರು. ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಅಂತ ಬರೆದಿದ್ದ ಎರಡು ಸಾವಿರ ಬಾತಿನ ರೂಮನ್ನು ಆರಿಸಿದರು. ಊರಲ್ಲಿ ಹೆಂಡತಿಯ ಪಕ್ಕ ಕೂತೇ ಪಟ್ಟಾಯದಲ್ಲಿ ರೂಮು ಮಾಡಿದ ಗಂಡಸು ತಾನೊಬ್ಬನೇ ಇರಬೇಕು ಅನ್ನಿಸಿತು ಗೌರೀಶನಿಗೆ.

ಕಾರ್ಡಿನ ನಂಬರು ಹಾಕಿದ ಮೇಲೆ ಪರದೆಯಲ್ಲಿ ಎರಡು ಬಟನ್ ಬಂದವು. ಒಂದರಲ್ಲಿ ಎರಡು ಸಾವಿರ ಬಾತ್. ಇನ್ನೊಂದರಲ್ಲಿ ಐದು ಸಾವಿರದ ಏಳುನೂರು ರೂಪಾಯಿ. ಗೌರೀಶನ ಬೆರಳು ಯೋಚನೆಯೇ ಇಲ್ಲದೆ ರೂಪಾಯಿಯ ಕಡೆ ಹೋಯಿತು. ಪೂಜಾ ಅವನ ಮಣಿಕಟ್ಟು ಹಿಡಿದಳು.

"ಅಲ್ಲಿ ಕಾರ್ಡು ಉಜ್ಜೋವಾಗ್ಲೂ ಇದ್ನೇ ಒತ್ತಿದ್ರಾ?"

"ಇನ್ನೇನು ಮಾಡ್ಲಿ? ಬಾತು ನಂಗೆಲ್ಲಿ ಗೊತ್ತಾಗ್ತದೆ? ರೂಪಾಯಿ ನಮ್ದಲ್ವಾ?"

ಪೂಜಾ ಮೊಬೈಲಿನಲ್ಲಿ ಆವತ್ತಿನ ದರ ನೋಡಿದಳು. ಎರಡು ಸಾವಿರ ಬಾತಿಗೆ ಐದು ಸಾವಿರದ ನಾನೂರು ರೂಪಾಯಿ ಅಷ್ಟೇ. ರೂಪಾಯಿಯ ಬಟನ್ ಒತ್ತಿದರೆ ಮೇಲೆ ಮುನ್ನೂರು. ನಮ್ಮ ದುಡ್ಡಿನಲ್ಲಿ ತೋರಿಸಿದ್ದೇ ಉಪಕಾರ ಅನ್ನುವ ಹಾಗೆ ಅಲ್ಲಿಯವರು ತಮಗೆ ಬೇಕಾದ ದರ ಹಾಕಿಕೊಂಡಿದ್ದರು. ಬ್ಯಾಂಕಿನ ಶುಲ್ಕದ ಪಟ್ಟಿಯನ್ನೂ ಅವಳು ತೆಗೆದು ಓದಿದಳು. ಬಾತಿನಲ್ಲಿ ಕೊಟ್ಟರೆ ಬ್ಯಾಂಕಿಗೆ ನೂರಕ್ಕೆ ಮೂರೂವರೆ, ಅದರ ಮೇಲೆ ಜಿಎಸ್‌ಟಿ. ರೂಪಾಯಿಯಲ್ಲೇ ಕೊಟ್ಟರೂ, ವ್ಯಾಪಾರಿ ಹೊರದೇಶದವನಾದ್ದರಿಂದ ನೂರಕ್ಕೆ ಒಂದು, ಅದಕ್ಕೂ ಜಿಎಸ್‌ಟಿ. ಯಾವುದನ್ನು ಒತ್ತಿದರೂ ಕೈ ಸುಡುತ್ತಿತ್ತು. ರೂಪಾಯಿಯನ್ನು ಒತ್ತಿದರೆ ಎರಡು ಕಡೆ.

ಅರ್ಥವಾಗಿದ್ದರೂ ಅವಳು ಬಿಡಲಿಲ್ಲ. ಪರೀಕ್ಷೆ ಅಂದರೆ ಪರೀಕ್ಷೆ ಅಂತ, ತಿಳಿದೂ ತಿಳಿದೂ ತಾನೇ ರೂಪಾಯಿಯನ್ನು ಒತ್ತಿದಳು. ಹತ್ತು ನಿಮಿಷ ಬಿಟ್ಟು ರೂಮನ್ನು ರದ್ದು ಮಾಡಿದಳು. ಹೋಟೆಲಿನವರು ಬಾತಿನ ಲೆಕ್ಕದಲ್ಲಿ ವಾಪಸ್ ಕಳಿಸಿದರು. ಬ್ಯಾಂಕು ಅದನ್ನು ತನ್ನ ದರದಲ್ಲಿ ರೂಪಾಯಿ ಮಾಡಿ, ಒಂದು ವಾರದ ಮೇಲೆ ಕಾರ್ಡಿಗೆ ಹಾಕಿದ್ದು ಐದು ಸಾವಿರದ ಮುನ್ನೂರ ಅರವತ್ತು. ಬ್ಯಾಂಕು ಮುರಿದುಕೊಂಡ ಶುಲ್ಕ ಬರಲೇ ಇಲ್ಲ. ಒಟ್ಟು ಹೋದದ್ದು ನಾನೂರಕ್ಕೆ ಸ್ವಲ್ಪ ಮೇಲೆ. ಅದನ್ನು ಹತ್ತರಿಂದ ಗುಣಿಸಿದಾಗ ಗೌರೀಶನ ಪಟ್ಟಾಯ ಪೂರ್ತಿಯಾಗಿ ಎದುರಿಗೆ ಬಂತು.

ಗೌರೀಶ್ ಎದೆ ಸೆಟೆಸಿ ನಿಂತ. ತಾನು ಶುದ್ಧ ಅನ್ನುವುದಕ್ಕೆ ಬ್ಯಾಂಕೇ ಸಾಕ್ಷಿ ಹೇಳಿತ್ತು. ಪೂಜಾ ಅವನತ್ತ ತಿರುಗಿದಳು. ತಿಂಗಳಿಂದ ಅವಳ ಮುಖದಲ್ಲಿದ್ದ ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ ಬಂದದ್ದನ್ನು ನೋಡಿ ಅವನಿಗೆ ಸಿಟ್ಟೇ ವಾಸಿ ಅನ್ನಿಸಿತು.

"ತಪ್ಪು ಮಾಡಿದ್ರೆ ಬುದ್ಧಿ ಹೇಳ್ಬೋದಿತ್ತು," ಅಂದಳು. "ಇದಕ್ಕೇನು ಮಾಡ್ಲಿ?"

ಆ ರಾತ್ರಿ ಅವನ ಪಕ್ಕದಲ್ಲೇ ಕೂತು ಉಂಡಳು. ಮಾರನೆಯ ದಿನದಿಂದ ಕಾರ್ಡು ಅವಳ ಪರ್ಸಿನಲ್ಲಿತ್ತು.

ಆ ವಾರವೇ ಉಮಾಶಂಕರ ಪಿರಿಯಾಪಟ್ಟಣಕ್ಕೆ ಬಂದವನು ಅಂಗಡಿಯೊಳಗೆ ಬಂದು, ಗಲ್ಲಾದ ಮೇಲೆ ಬಾಗಿ, ಅಕ್ಕಪಕ್ಕದ ಗಿರಾಕಿಗಳಿಗೂ ಕೇಳುವಷ್ಟು ಗುಟ್ಟಾಗಿ ಕೇಳಿದ. "ಈಗಲಾದ್ರೂ ಹೇಳ್ಲಾ. ನಾಲ್ಕು ಸಾವ್ರಕ್ಕೆ ಏನೇನು ಮಾಡ್ದೆ?"

ಔಷಧಿಗೆ ಬಂದಿದ್ದ ಮೂರು ಜನ ಬಾಟಲಿಯ ಮೇಲಿನ ಅಕ್ಷರ ಓದುವುದನ್ನು ನಿಲ್ಲಿಸಿದರು. ಗೌರೀಶನಿಗೆ ಸತ್ಯ ಗೊತ್ತಿತ್ತು, ಅದಕ್ಕೆ ಪುರಾವೆಯೂ ಇತ್ತು. ಅವನು ಮೀಸೆಯ ಮೇಲೆ ಬೆರಳಾಡಿಸಿ ಸಣ್ಣಗೆ ನಕ್ಕ.

"ಬುಡು ಉಮಣ್ಣ," ಅಂದ. "ಅಂಗಡೀಲಿ ಹೇಳೋ ವಿಷ್ಯ ಅಲ್ಲ ಅದು."

"ರೂಪಾಯಿ ಬಟನ್ ಒತ್ತಿದ್ರಂತೆ ಕಣಣ್ಣ," ಅಂದಳು ಪೂಜಾ, ಒಳಗೆ ಮೂಟೆ ಎಣಿಸುತ್ತಿದ್ದಲ್ಲಿಂದಲೇ. "ಅಷ್ಟೇ ಮಾಡಿದ್ದು."

ಗಿರಾಕಿಗಳಲ್ಲಿ ಒಬ್ಬ ಕೈಯಲ್ಲಿದ್ದ ಬಾಟಲಿಯನ್ನು ಗಲ್ಲಾದ ಮೇಲಿಟ್ಟು, ಇದರಲ್ಲಿ ಎಷ್ಟು ಬಿಡುತ್ತೀಯ ಅಂತ ಕೇಳಿದ.