ನನ್ನ ಕೈಯ ತಪ್ಪು

ಸಂತೆಕಲ್ಲೂರಿನ ವಿರೇಶ ನನ್ನ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಅಸೈನ್‌ಮೆಂಟ್ ಇಸಿದುಕೊಂಡದ್ದು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ. "ಬರೇ ತಾಳೆ ನೋಡಿ ಕೊಡ್ತೀನಿ, ಪಂಪಾವತಿ" ಅಂದ. ಬಸ್ಸು ನಮ್ಮ ಕಾಲೇಜಿದ್ದ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಪೂರ್ತಿ ಇಳಿಸಿಕೊಂಡಿದ್ದ. ಕ್ಲಾಸಿನಲ್ಲಿ ನನಗಿದ್ದ ಒಬ್ಬನೇ ಗೆಳೆಯ, ಬೇಡ ಅನ್ನಲು ಬಾಯಿ ಬರಲಿಲ್ಲ.

ಮುಂದಿನ ವಾರ ಡಿಪ್ಲೊಮಾ ಕ್ಲಾಸಿನಲ್ಲಿ ಪಕೀರಪ್ಪ ಸರ್ ನಮ್ಮಿಬ್ಬರನ್ನೂ ನಿಲ್ಲಿಸಿದರು. "13.6875ನ್ನ ಬೈನರಿಗೆ ತಿರುವಿದ್ರಾಗ ಇಬ್ಬರದೂ ಒಂದ ತಪ್ಪು. ಯಾರು ಯಾರದು ನೋಡಿ ಬರ್ದೀರಿ? ಕಾಪಿ ಹೊಡೆದವರಿಗೆ ಸೊನ್ನೆ."

ಸೊನ್ನೆ ಬಂದರೆ ಇಂಟರ್ನಲ್ಸ್ ಅಂಕ ಸಾಲದೆ ನಾನು ಪರೀಕ್ಷೆಗೇ ಕೂರುವಂತಿರಲಿಲ್ಲ. ವಿರೇಶನನ್ನು ನೋಡಿದೆ. ಅವನು ಬೆಂಚು ನೋಡುತ್ತಿದ್ದ.

ಬೋರ್ಡಿಗೆ ಮೊದಲು ನನ್ನನ್ನೇ ಕರೆದರು. 13ನ್ನು ಎರಡರಿಂದ ಭಾಗಿಸುತ್ತ ಹೋಗಿ, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ 1101 ಬರೆದೆ. 0.6875ನ್ನು ಎರಡರಿಂದ ಗುಣಿಸುತ್ತ ಹೋದೆ. ಬಿಂದುವಿನ ಎಡಕ್ಕೆ ಬಂದ 1, 0, 1, 1ನ್ನೂ ಕೆಳಗಿನಿಂದಲೇ ಓದಿ 1101.1101 ಅಂತ ಬರೆದೆ.

"ಅಲ್ಲವ್ವಾ, ಬಿಂದುವಿನ ಮುಂದಿಂದು ಮ್ಯಾಲಿಂದ ಓದಬೇಕು. ಅಷ್ಟೂ ಗೊತ್ತಿಲ್ಲೇನು?" ಸರ್ ಎಲ್ಲರಿಗೂ ಕೇಳುವಂತೆ ಅಂದರು. ಆಮೇಲೆ ವಿರೇಶನನ್ನು ಕರೆದರು. ಅವನು ಮೇಲಿನಿಂದ ಓದಿ 1101.1011 ಅಂತ ನೀಟಾಗಿ ಬರೆದು ಸೀಮೆಸುಣ್ಣ ಕೆಳಗಿಟ್ಟ. ಸರ್ ಹೇಳಿಕೊಟ್ಟಿದ್ದನ್ನು ಸರ್‌ಗೇ ಒಪ್ಪಿಸಿ ಜಾಣನಾದ.

"ನೋಡು, ಇವಗ ಬರ್ತೈತಿ. ನೀನ ನೋಡಿ ಬರ್ದೀ."

ನಾನು ಬೋರ್ಡಿನ ಕಡೆ ಕೈ ಮಾಡಿದೆ. "ಸರ್, ಪೇಪರ್‌ನ್ಯಾಗಿರೋ ತಪ್ಪನ್ನ ನಾ ಈಗ ಬೋರ್ಡಿನ ಮ್ಯಾಲೂ ಮಾಡೀನಿ. ಅದು ನನ್ನ ತಪ್ಪರೀ. ಅವಗ ಮೊದಲ ಗೊತ್ತಿದ್ರ ಪೇಪರ್‌ನ್ಯಾಗ ಯಾಕ ತಪ್ಪು ಬರೀತಿದ್ದ? ಬೇಕಾದ್ರ ಎರಡನೇ ಲೆಕ್ಕ ಕೇಳ್ರಿ. AB + A'C + BCಯೊಳಗ BC ಹೆಂಗ ಹೋತು, ಹೇಳಲಿ."

ಅದನ್ನು ಬಿಡಿಸಲು ನನಗೆ ಒಂದು ಸಂಜೆ ಹಿಡಿದಿತ್ತು. BCಯನ್ನು (A + A')ನಿಂದ ಗುಣಿಸಿದರೆ ABC ಮತ್ತು A'BC ಆಗುತ್ತದೆ. ಮೊದಲನೆಯದು AB ಒಳಗೆ, ಎರಡನೆಯದು A'C ಒಳಗೆ ಅಡಗುತ್ತದೆ. ಉಳಿಯುವುದು AB + A'C ಮಾತ್ರ. ವಿರೇಶ ಇದನ್ನು ಬಸ್ಸಿನ ಕುಲುಕಾಟದಲ್ಲಿ ಇಳಿಸಿಕೊಂಡಿದ್ದ, ತಿಳಿದುಕೊಂಡಿರಲಿಲ್ಲ.

"ಅದು ಇಬ್ಬರದೂ ಸರಿ ಐತಿ. ಸರಿ ಇದ್ದದ್ದನ್ನ ಏನು ಕೇಳೋದು?" ಸರ್ ನನ್ನ ಪೇಪರಿನ ಮೇಲೆ ಕೆಂಪು ಸೊನ್ನೆ ಬರೆದರು. ಸಿಂಧನೂರಿನ ಬಸ್ಸು ತಪ್ಪುತ್ತದೆಂಬ ಗಡಿಬಿಡಿ ಅವರಿಗೆ.

ವಿರೇಶ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಸಂಜೆಯ ಬಸ್ಸಿನಲ್ಲಿ ಪಕ್ಕ ಬಂದು ಕೂತಾಗ, ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡೆ. ಅಂದಿದ್ದರೆ ಕ್ಷಮಿಸಿಬಿಡುತ್ತಿದ್ದೆ, ಅಂಥ ಹುಚ್ಚಿ ನಾನು.

ಅವನು ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ನೀ ಸರಿಯಾಗಿ ಬರ್ದಿದ್ರ ಕ್ಲಾಸಿನ್ಯಾಗ ನನ್ನ ಮರ್ಯಾದಿನೂ ಹೋಗ್ತಿದ್ದಿಲ್ಲ, ಪಂಪಾವತಿ."