ಹದಿನೆಂಟನೆಯ ಪಾಠ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಎಂದಿನಂತೆ ಆರು ಗಂಟೆಗೆ ಎಚ್ಚರವಾಯಿತು. ನೀರಿನ ಪಂಪು ಹಾಕಿದೆ. ಟೀ ಇಟ್ಟೆ. ಮೂರು ಲೋಟ ತೆಗೆದು, ಒಂದನ್ನು ಒಳಗಿಟ್ಟೆ. ಅತ್ತೆ ಹಾಲ್‌ನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಯಾರೂ ಬರುವವರಿಲ್ಲ, ಯಾರಿಗೂ ಏನೂ ಬಡಿಸಬೇಕಿಲ್ಲ ಎನ್ನುವುದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಎಂಟು ಗಂಟೆಗೆ ನನ್ನ ಗಂಡನ ಫೋನು ಬಡಿದುಕೊಂಡಿತು. ಪಾಲಿಟೆಕ್ನಿಕ್ಕಿನ ಲ್ಯಾಬ್ ಮೇಡಂ. ಅವನ ಹೆಣ ಎತ್ತುವ ದಿನ ಬಂದು ಗೇಟಿನ ಹತ್ತಿರ ನಿಂತು ಹೋಗಿದ್ದವರು.

"ಕೇಳಬಾರದು ಅಮ್ಮ, ಇಷ್ಟು ಬೇಗ ಕೇಳಬಾರದು. ಆದರೆ ಸೋಮವಾರ ಟರ್ಮ್ ಶುರು. ಪ್ರಿನ್ಸಿಪಾಲರು ಕುತ್ತಿಗೆ ಮೇಲೆ ಕೂತಿದಾರೆ."

ನನ್ನ ಗಂಡ ಪ್ರೋಗ್ರಾಮಿಂಗ್ ಹೇಳಿಕೊಡುವ ವಿಡಿಯೊ ಮಾಡುತ್ತಿದ್ದ. ಮೂರು ವರ್ಷದಲ್ಲಿ ಎಪ್ಪತ್ನಾಲ್ಕು. ಹಗಲು ಒಂದು ಕಂಪನಿಯಲ್ಲಿ ಕೆಲಸ, ಭಾನುವಾರ ಈ ಕೆಲಸ. ನೋಡುವವರು ಅವನನ್ನು ಲೂಪ್ ಮೇಷ್ಟ್ರು ಎನ್ನುತ್ತಿದ್ದರು. ಕೋಡಿನಲ್ಲಿ ಲೂಪ್ ಅದೇ ಸಾಲುಗಳನ್ನು ಸುತ್ತುವ ಹಾಗೆ ಅವನೂ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆಂದು. ಮೇಡಂ ತಮ್ಮ ಹುಡುಗ ಹುಡುಗಿಯರಿಗೆ ಲ್ಯಾಬಿನಲ್ಲಿ ಅದನ್ನೇ ಹಾಕಿ ತೋರಿಸುತ್ತಿದ್ದರು.

"ಪಾಠ ಚಿನ್ನ. ಹೆಸರು ಮಾತ್ರ ದೇವರಿಗೇ ಪ್ರೀತಿ," ಎಂದರು ಮೇಡಂ. "ಒಂದಕ್ಕೆ ಪಾಠ, ಒಂದಕ್ಕೆ ಭಾಗ, ಇನ್ನೊಂದಕ್ಕೆ ಎಪಿಸೋಡ್. ಒಂದಕ್ಕಂತೂ ಬರೀ 'ಇದನ್ನೇ ನೋಡಿ, ಹಳೇದು ಬೇಡ' ಅಂತ ಇದೆ. ಯಾವುದು ಹಳೇದು ಮೇಷ್ಟ್ರೇ ಅಂದ್ರೆ ನಗ್ತಿದ್ರು. ಹುಡುಗರಿಗೆ ಯಾವುದಾದ ಮೇಲೆ ಯಾವುದು ಅಂತಲೇ ಗೊತ್ತಾಗಲ್ಲ. ಸರಿಯಾಗದಿದ್ರೆ ಬೇರೆಯವರ ಸರಣಿ ತಗೊಳ್ಳಿ ಅಂತ ಪ್ರಿನ್ಸಿಪಾಲರ ಅಪ್ಪಣೆ."

"ಶನಿವಾರದ ಒಳಗೆ ಮಾಡ್ತೀನಿ," ಎಂದೆ.

"ನಿಮಗೆ ಆಗತ್ತಾ?"

"ನಾನು ಓದಿರೋದೇ ಅದು ಮೇಡಂ."

ಗ್ರಂಥಾಲಯ ವಿಜ್ಞಾನ ಓದಿದವಳು ನಾನು. ಪುಸ್ತಕಕ್ಕೆ ಒಂದು ಹೆಸರು, ಒಂದು ಸಂಖ್ಯೆ, ಒಂದು ಜಾಗ. ಈ ವಿಷಯಕ್ಕೆ ಅವನೊಡನೆ ಎಷ್ಟು ಸಲ ಜಗಳವಾಡಿದ್ದೆ. "ವೇರಿಯಬಲ್‌ಗೆ ಒಳ್ಳೆ ಹೆಸರಿಡಿ ಅಂತ ಇಡೀ ಪಾಠ ಮಾಡಿದೀಯ. ಆ ಪಾಠದ ಹೆಸರು 'ಹೊಸ ವಿಡಿಯೊ ಎರಡು'!" ಅಂದರೆ, "ವಿಷಯ ಮುಖ್ಯ ಕಣೇ, ಲೇಬಲ್ ಅಲ್ಲ," ಎನ್ನುತ್ತಿದ್ದ.

ಆ ಸರಣಿಯನ್ನು ಬೇರೆಯವರದಕ್ಕೆ ಬದಲಾಯಿಸಿದರೆ ಅವನ ಪಾಠ ಕೇಳುವವರು ಯಾರೂ ಇರುವುದಿಲ್ಲ. ಚಾನೆಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಆ ಲ್ಯಾಬಿನವರೇ. ನನಗೆ ಬೇರೇನೂ ಬೇಕೆನಿಸುತ್ತಿರಲಿಲ್ಲ. ಊಟ ಬೇಕೆನಿಸುತ್ತಿರಲಿಲ್ಲ. ಇದೊಂದು ಬೇಕಿತ್ತು.

ಅವನ ಲ್ಯಾಪ್‌ಟಾಪ್ ತೆರೆದೆ. ಪಟ್ಟಿಯನ್ನು ಪ್ರಕಟವಾದ ತಾರೀಕಿನ ಪ್ರಕಾರ ಜೋಡಿಸಿದೆ. ಒಂದು ಮಾದರಿ ಮಾಡಿಕೊಂಡೆ: ಮೊದಲು ಸರಣಿಯ ಹೆಸರು, ಆಮೇಲೆ 'ಪಾಠ' ಎಂಬ ಒಂದೇ ಪದ, ಎರಡು ಅಂಕಿಯ ಸಂಖ್ಯೆ, ಕೊನೆಗೆ ವಿಷಯ. ಒಂದು ಎಂದಲ್ಲ, 01. ಇಲ್ಲದಿದ್ದರೆ ಹೆಸರಿನ ಪ್ರಕಾರ ಜೋಡಿಸಿದಾಗ ಒಂದರ ಹಿಂದೆಯೇ ಹತ್ತು ಬಂದು ನಿಲ್ಲುತ್ತದೆ. ಎರಡು ಪ್ಲೇಲಿಸ್ಟ್ ಇದ್ದವು. ಒಂದು ಮೂಲಪಾಠ, ಇನ್ನೊಂದು ಸಣ್ಣ ಪ್ರಾಜೆಕ್ಟುಗಳು. ಒಂದು ವಿಡಿಯೊ ಎಷ್ಟು ಪ್ಲೇಲಿಸ್ಟಿನಲ್ಲಿದ್ದರೂ ಅದರ ಹೆಸರು ಒಂದೇ. ಹಾಗಾಗಿ 01ರಿಂದ 74ರವರೆಗೆ ಒಂದೇ ಸಾಲು ಹಾಕಿದೆ. ವಿಷಯ ಏನೆಂದು ತಿಳಿಯಲು ವಿಡಿಯೊ ತೆರೆದು, ಪರದೆಯ ಮೇಲಿನ ಕೋಡ್ ನೋಡಿ, ಮುಚ್ಚಿದೆ.

ಧ್ವನಿ ಬಂದ್ ಮಾಡಿಕೊಂಡೇ ನೋಡಿದೆ. ಅವನ ದನಿ ಕೇಳುವುದು ನನ್ನಿಂದಾಗುತ್ತಿರಲಿಲ್ಲ.

ಹಳೆಯ ಹೆಸರುಗಳನ್ನು ಬರೆದಿಟ್ಟುಕೊಳ್ಳಲೂ ಇಲ್ಲ. ಉಳಿಸು ಎಂದು ಒತ್ತಿದೆ. ಹಳೆಯದು ಹೋಯಿತು. ಹಳೆಯ ಹೆಸರನ್ನು ಆ ವಿಡಿಯೊ ತಾಣ ಎಲ್ಲಿಯೂ ಇಟ್ಟುಕೊಳ್ಳುವುದಿಲ್ಲ.

"ಏನೇ ಅದು, ಎರಡು ದಿನದಿಂದ ಟಕಟಕ?" ಎಂದರು ಅತ್ತೆ.

"ಅವನ ವಿಡಿಯೊಗೆ ಹೆಸರು ಇಡ್ತಿದೀನಿ ಅತ್ತೆ."

"ನಾನು ಅವನಿಗೊಂದು ಹೆಸರಿಡೋಕೆ ಮೂರು ತಿಂಗಳು ತಗೊಂಡಿದ್ದೆ," ಎಂದು ಗೋಡೆಯ ಕಡೆ ತಿರುಗಿದರು.

ಶನಿವಾರ ಮಧ್ಯಾಹ್ನ ಮೇಡಂ ಪಟ್ಟಿ ನೋಡಿ ಖುಷಿಪಟ್ಟರು. "ಆಹಾ, ಕಣ್ಣಿಗೆ ಹಬ್ಬ! ಇದನ್ನೇ ಪ್ರಿಂಟ್ ಹಾಕ್ಸಿ ಹಂಚ್ತೀನಿ. ಹದಿನೇಳರ ತನಕ ಹಿಂದಿನ ಟರ್ಮ್‌ನಲ್ಲೇ ಮುಗಿದಿದೆ. ಸೋಮವಾರ ಹದಿನೆಂಟರಿಂದ."

ಸೋಮವಾರ ಹನ್ನೊಂದೂವರೆಗೆ ಮತ್ತೆ ಫೋನು.

"ಏನು ಮಾಡಿಬಿಟ್ರಿ ಅಮ್ಮ?"

ನಡೆದದ್ದು ಇಷ್ಟು. ಪ್ರತಿ ಪಾಠದ ಕೋಡನ್ನು ಅವನು ಇನ್ನೊಂದು ತಾಣದಲ್ಲಿ ಇಟ್ಟಿದ್ದ, ಪಾಠಕ್ಕೊಂದು ಫೋಲ್ಡರ್. ಅವುಗಳ ಹೆಸರು ಬರೀ ಸಂಖ್ಯೆ. ಮೂವತ್ತು ಜನ ನನ್ನ 'ಪಾಠ 18' ಹಚ್ಚಿ, ಪಟ್ಟಿ ನೋಡಿ 18ನೆಯ ಫೋಲ್ಡರ್ ಇಳಿಸಿಕೊಂಡಿದ್ದಾರೆ. ಅದು ಆ ಪಾಠದ್ದಲ್ಲ. ಅವನು ಎಂದೋ ಅಳಿಸಿಹಾಕಿದ ಒಂದು ಪಾಠದ್ದು. ಅದರ ಲೂಪಿನಲ್ಲಿ ಎಣಿಕೆಯನ್ನು ಒಂದು ಹೆಚ್ಚಿಸುವ ಸಾಲು ಬಿಟ್ಟುಹೋಗಿತ್ತು. ಎಣಿಕೆ ಮುಂದೆ ಹೋಗದಿದ್ದರೆ ಲೂಪು ನಿಲ್ಲುವುದಿಲ್ಲ. ಆ ತಪ್ಪಿಗಾಗಿಯೇ ಅವನು ವಿಡಿಯೊ ಅಳಿಸಿದ್ದ. ಫೋಲ್ಡರ್ ಅಳಿಸಲು ಮರೆತಿದ್ದ.

"ಮೂವತ್ತು ಕಂಪ್ಯೂಟರಲ್ಲೂ ಪರದೆ ತುಂಬ ನಮಸ್ಕಾರ, ನಮಸ್ಕಾರ, ನಮಸ್ಕಾರ! ನಿಲ್ಲೋ ಹಾಗೇ ಇಲ್ಲ. ಆಗಲೇ ಪ್ರಿನ್ಸಿಪಾಲರು ಒಳಗೆ ಬರಬೇಕಾ? 'ಇಷ್ಟೊಂದು ಮರ್ಯಾದೆ ನನಗೆ ಬೇಡ' ಅಂದ್ರು. ಹುಡುಗರು ಬಿದ್ದು ಬಿದ್ದು ನಕ್ರು. ಅದಿರಲಿ. ವಿಡಿಯೊದಲ್ಲಿ ಮೇಷ್ಟ್ರು ಬಾಯಿಬಿಟ್ಟು ಹೇಳ್ತಾರಲ್ಲಮ್ಮ, 'ಇದು ಹತ್ತೊಂಬತ್ತನೇ ಪಾಠ' ಅಂತ. ನೀವು ಕೇಳಿಸಿಕೊಳ್ಳಲಿಲ್ವಾ?"

"ಧ್ವನಿ ಬಂದ್ ಮಾಡ್ಕೊಂಡು ನೋಡಿದ್ದೆ ಮೇಡಂ," ಎಂದೆ. ಅವರಿಗೆ ಅರ್ಥವಾಯಿತು ಎಂದು ಕಾಣುತ್ತದೆ.

"ಪ್ರಿನ್ಸಿಪಾಲರನ್ನ ಬುಧವಾರದ ತನಕ ತಡೀತೀನಿ," ಎಂದರು. "ಅವರು ಬಾಯಲ್ಲಿ ಏನು ಹೇಳಿದಾರೋ ಅದೇ ನಂಬರು. ಹೆಸರು ತಿದ್ದಬಹುದು, ಬಾಯಿ ತಿದ್ದೋಕಾಗಲ್ಲ."

ಬಾಗಿಲು ಹಾಕಿಕೊಂಡು ಧ್ವನಿ ಹಚ್ಚಿದೆ.

"ನಮಸ್ಕಾರ. ಇದು ಮೊದಲನೇ ಪಾಠ. ನಿಧಾನವಾಗಿ ಹೋಗೋಣ, ಯಾರೂ ಓಡಿಸಿಕೊಂಡು ಬರ್ತಿಲ್ಲ."

ಕಾಗದದಲ್ಲಿ ಮೂರು ಅಂಕಣ ಮಾಡಿದೆ. ನಾನು ಇಟ್ಟ ಸಂಖ್ಯೆ. ಅವನು ಹೇಳಿದ ಸಂಖ್ಯೆ. ಪಾಠದ ನಡುವೆ ಅವನು ಹೆಸರಿಸಿದ ಬೇರೆ ಪಾಠ. ಆರಂಭ ಮಾತ್ರ ಕೇಳಿದರೆ ಸಾಲದು. "ಹನ್ನೆರಡರಲ್ಲಿ ಮಾಡಿದ್ವಲ್ಲ" ಎಂದು ಎಲ್ಲೆಂದರಲ್ಲಿ ಹೇಳುತ್ತಿದ್ದ. ಆಗ ಪರದೆಯ ಮೂಲೆಯಲ್ಲಿ ಆ ಪಾಠದ ಕೊಂಡಿ ಮೂಡುತ್ತದೆ. ಕೊಂಡಿ ಸರಿಯಾದ ವಿಡಿಯೊಗೇ ಹೋಗುತ್ತದೆ, ಹೆಸರು ಬದಲಾದರೂ ವಿಳಾಸ ಬದಲಾಗುವುದಿಲ್ಲ. ಆದರೆ ಅವನು ಇಪ್ಪತ್ಮೂರು ಎನ್ನುವಾಗ ಅಲ್ಲಿ ನನ್ನ ಇಪ್ಪತ್ತೆರಡು ಕಾಣುತ್ತಿತ್ತು. ಅವನ ಮಾತಿಗೆ ನಾನು ಅಡ್ಡ ಮಾತಾಡಿದ ಹಾಗೆ.

ಹದಿನೇಳರವರೆಗೆ ಸರಿ. ಆಮೇಲೆ ಹದಿನೆಂಟಿಲ್ಲ, ಹತ್ತೊಂಬತ್ತು. ನನ್ನ ಲೆಕ್ಕ ಒಂದು ಹಿಂದೆ. ಒಂದರ ಹಿಂದೊಂದು ಎರಡು ಪಾಠಕ್ಕೂ ಮೂವತ್ತೊಂದು ಎಂದೇ ಹೇಳಿದ್ದ, ಅಲ್ಲಿಂದ ಎರಡೂ ಲೆಕ್ಕ ಮತ್ತೆ ಕೂಡಿಕೊಂಡವು. ಐವತ್ತೆರಡಕ್ಕೆ ಮೂಲಪಾಠ ಮುಗಿದು, ಪ್ರಾಜೆಕ್ಟುಗಳಿಗೆ ಅವನು ಹೊಸದಾಗಿ ಒಂದರಿಂದ ಎಣಿಸಿದ್ದ. ನಾನು ಐವತ್ಮೂರು ಹಾಕಿದ್ದೆ. ಎಪ್ಪತ್ನಾಲ್ಕರಲ್ಲಿ ಮೂವತ್ತೈದು ತಪ್ಪು.

ಒಂಬತ್ತನೆಯ ಪಾಠದಲ್ಲಿ ಹೇಳಿದ: "ಇವತ್ತು ನನ್ನ ಧ್ವನಿ ಸ್ವಲ್ಪ ಮನುಷ್ಯರ ಹಾಗೆ ಕೇಳ್ತಿದೆ ಅಲ್ವಾ? ಮೈಕ್ ನಂದಲ್ಲ. ಲ್ಯಾಬ್ ಮೇಡಂ ಹತ್ರ ಎರಡು ವಾರಕ್ಕೆ ಅಂತ ಇಸ್ಕೊಂಡಿದೀನಿ." ಅದನ್ನು ಕಾಗದದ ಅಂಚಿನಲ್ಲಿ ಗುರುತು ಹಾಕಿಕೊಂಡು ಮುಂದೆ ಹೋದೆ.

ನಲವತ್ತರ ನಂತರ ಇನ್ನೊಂದು ಕೇಳಿಸತೊಡಗಿತು. ಸಂಖ್ಯೆ ಹೇಳುವ ಮೊದಲು ಒಂದು ಉಸಿರು. ಐವತ್ತರಲ್ಲಿ ಎರಡು. ಪ್ರಾಜೆಕ್ಟ್ ಹದಿನೈದರಲ್ಲಿ "ಇದು" ಎಂದು ನಿಂತು, ಉಸಿರೆಳೆದು, "ಹದಿನೈದನೇದು" ಎಂದ. ಮೆಟ್ಟಿಲು ಹತ್ತಿ ಬಂದವನ ಹಾಗೆ, ಕುರ್ಚಿಯಲ್ಲಿ ಕೂತೇ. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಮತ್ತೆ ಕೇಳಿದೆ. ಸಾವು ಇದ್ದಕ್ಕಿದ್ದಂತೆ ಆಗಿದ್ದು ಎಂದಿದ್ದರು ಡಾಕ್ಟರು. ಇದ್ದಕ್ಕಿದ್ದಂತೆ ಆಗಿರಲಿಲ್ಲ. ಭಾನುವಾರ ಭಾನುವಾರ ಮುಂದಿನ ಕೋಣೆಯಲ್ಲಿ ಆಗುತ್ತಿತ್ತು. ನಾನು ಅವನ ಪಾಠಗಳ ಹೆಸರು ಓದಿದ್ದೆ. ಒಂದನ್ನೂ ಕೂತು ಕೇಳಿರಲಿಲ್ಲ.

ಅತ್ತೆ ಬಾಗಿಲು ತಟ್ಟಿದರು. "ಯಾರೇ ಮಾತಾಡ್ತಿರೋದು?"

ಬಾಗಿಲು ತೆಗೆದೆ. ಬಂದು ನೆಲದ ಮೇಲೆ ಕೂತರು. ಪ್ರಾಜೆಕ್ಟ್ ಹದಿನಾರನ್ನು ಇಬ್ಬರೂ ಕೇಳಿದೆವು.

"ಏನೂ ಅರ್ಥ ಆಗ್ಲಿಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇವನಿಗೆ ಉಸಿರು ಕಟ್ತಿದೆ ಕಣೇ."

"ಹೌದು ಅತ್ತೆ."

"ನಿಂಗೆ ಗೊತ್ತಿತ್ತಾ?"

"ಇಲ್ಲ."

ಅವರು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. "ಮುಂದಿನದು ಹಾಕು," ಎಂದರು.

ಬುಧವಾರ ಬೆಳಿಗ್ಗೆಗೆ ಮುಗಿಯಿತು. ಮೂಲಪಾಠಕ್ಕೆ 'ಪಾಠ', ಪ್ರಾಜೆಕ್ಟಿಗೆ 'ಪ್ರಾಜೆಕ್ಟ್', ಎರಡೂ ಕಡೆ ಅವನ ಬಾಯಿಯ ಸಂಖ್ಯೆ. ಎರಡು ಮೂವತ್ತೊಂದಕ್ಕೆ 31ಅ, 31ಆ. ಹದಿನೇಳರ ವಿವರಣೆಯಲ್ಲಿ ಬರೆದೆ: ಹದಿನೆಂಟನೆಯ ಪಾಠ ಇಲ್ಲ. ಇದಾದ ಮೇಲೆ 19 ನೋಡಿ. 18ನೆಯ ಫೋಲ್ಡರನ್ನು ನಾನೇ ಅಳಿಸಿದೆ. ಉಳಿದ ಫೋಲ್ಡರುಗಳ ಹೆಸರನ್ನೂ ಅದೇ ಮಾದರಿಗೆ ತಂದೆ. ಆಮೇಲೆ ಅವನ ಮೇಜಿನಿಂದ ಮೈಕಿನ ವೈರು ಕಿತ್ತು ಸುತ್ತಿದೆ.

ಲ್ಯಾಬು ಎರಡನೆಯ ಮಹಡಿಯಲ್ಲಿ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ದೊಡ್ಡ ಪರದೆಯ ಮೇಲೆ ಯಾರೋ ಒಬ್ಬ, ಚೆನ್ನಾಗಿ ತಲೆ ಬಾಚಿದವನು, ತಡೆಯೇ ಇಲ್ಲದೆ ಮಾತಾಡುತ್ತಿದ್ದ. ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ: ಎಪಿಸೋಡ್ 18.

ಮೇಡಂ ಹೊರಗೆ ಬಂದರು. ಕೈ ಹಿಡಿದುಕೊಂಡರು.

"ಈ ಸರಣಿಗೆ ನಿನ್ನೆ ಸಂಜೆನೇ ಸಹಿ ಹಾಕಿಬಿಟ್ರಮ್ಮ ಪ್ರಿನ್ಸಿಪಾಲರು. ಒಂದು ದಿನ ತಡೀರಿ ಅಂದೆ, ಕೇಳಲಿಲ್ಲ."

"ಸರಿ ಮೇಡಂ."

"ಈ ಹೊಸಬನ ಹೆಸರು, ಪಟ್ಟಿ ಎಲ್ಲ ನೆಟ್ಟಗಿದೆ. ಪಾಠ ತಲೆಗೆ ಹೋಗಲ್ಲ ಅಂತಾರೆ ಹುಡುಗರು." ನಗಲು ನೋಡಿದರು. "ನೀವು ತಿದ್ದಿದ್ದು ನೋಡಿದೆ ಬೆಳಿಗ್ಗೆ. ಈಗ ಸರಿಯಾಗಿದೆ. ಒಂದೂ ತಪ್ಪಿಲ್ಲ."

ನಾನು ಚೀಲದಿಂದ ಮೈಕ್ ತೆಗೆದೆ.

"ಎರಡು ವಾರಕ್ಕೆ ಅಂತ ತಗೊಂಡಿದ್ನಂತೆ."

"ಅಯ್ಯೋ, ಇದನ್ನ ನಾನು ಕೇಳಿದ್ನಾ? ಇಟ್ಕೊಳ್ಳಿ ಅಮ್ಮ."

"ಬೇಡ ಮೇಡಂ. ಇದರಲ್ಲಿ ಎಲ್ಲ ಕೇಳಿಸತ್ತೆ."

ಅವರು ತೆಗೆದುಕೊಂಡರು. ಮೈಕಿನ ಬಾಯಿಗೆ ಹಾಕುವ ಕಪ್ಪು ಸ್ಪಂಜು ಕಳಚಿ ನನ್ನ ಅಂಗೈಯಲ್ಲೇ ಉಳಿದಿತ್ತು. ಅದನ್ನೂ ಕೊಟ್ಟೆ.